ಒಂದು ಕೆಲಸ ಕೈಯಲ್ಲಿದೆ, ಇನ್ನೊಂದು ಕಡೆಯ ಉತ್ತರ ಬಂದಿಲ್ಲ: ಕೇಳುವುದು ಹೇಗೆ?

ಶಿರಸಿಯ ಯುವತಿಯೊಬ್ಬಳು ಲೆಕ್ಕಪತ್ರ ವಿಭಾಗದ ಕೆಲಸಕ್ಕಾಗಿ ಕಾರವಾರದ ಖಾಸಗಿ ಸಂಸ್ಥೆಯೊಂದರಲ್ಲಿ ಎರಡು ಸುತ್ತಿನ ಸಂದರ್ಶನ ಮುಗಿಸಿ ಕಾಯುತ್ತಿದ್ದಾಳೆ ಎಂದಿಟ್ಟುಕೊಳ್ಳಿ. ಅಷ್ಟರಲ್ಲಿ 12ನೇ ತಾರೀಖು, ಗುರುವಾರ, ಹುಬ್ಬಳ್ಳಿಯ ಇನ್ನೊಂದು ಸಂಸ್ಥೆಯಿಂದ ನೇಮಕಾತಿ ಪತ್ರ ಬರುತ್ತದೆ. 20ರ ಶುಕ್ರವಾರದೊಳಗೆ ಒಪ್ಪಿಗೆ ತಿಳಿಸಬೇಕು. ಅವಳ ಮನಸ್ಸಿರುವುದು ಕಾರವಾರದ ಕೆಲಸದ ಮೇಲೆ.

ಮೊದಲು ಅವಳು ತನ್ನಲ್ಲೇ ಒಂದು ವಿಷಯ ಇತ್ಯರ್ಥ ಮಾಡಿಕೊಳ್ಳಬೇಕು. ಕಾರವಾರದವರು ‘ಅಷ್ಟು ಬೇಗ ಆಗದು, ನೀವು ಅದನ್ನೇ ಒಪ್ಪಿಕೊಳ್ಳಿ’ ಎಂದರೆ ಹುಬ್ಬಳ್ಳಿಗೆ ಹೋಗಲು ಸಿದ್ಧಳೇ? ಆ ಉತ್ತರ ಬರುವ ಸಾಧ್ಯತೆ ಸದಾ ಇರುತ್ತದೆ. ಬಾಯಿಮಾತಿನ ಭರವಸೆಯನ್ನು ನೇಮಕಾತಿಯೆಂದು ಹೇಳಿಕೊಳ್ಳಬಾರದು, ಇಲ್ಲದ ಪತ್ರವನ್ನು ಇದೆಯೆನ್ನುವುದಂತೂ ಸಲ್ಲದು. ‘ಪ್ರತಿ ಕಳಿಸಿ’ ಎಂದು ಅವರು ಕೇಳಿದ ಕ್ಷಣವೇ ನಂಬಿಕೆ ಮುರಿಯುತ್ತದೆ.

ಎರಡನೆಯದು ಸಮಯ. ಪತ್ರ ಬಂದ ದಿನವೋ ಮರುದಿನ ಬೆಳಿಗ್ಗೆಯೋ ತಿಳಿಸಬೇಕು. ಸಂಬಳ ನಿಗದಿಗೆ ಮೇಲಿನವರ ಒಪ್ಪಿಗೆ ಬೇಕು, ಒಪ್ಪಿಗೆ ಕೊಡುವವರು ಊರಲ್ಲಿ ಇಲ್ಲದಿರಬಹುದು, ನಡುವೆ ಭಾನುವಾರವೂ ಬರುತ್ತದೆ. 19ರ ಸಂಜೆ ಹೇಳಿದರೆ ಅವರಿಗೆ ‘ಇಲ್ಲ’ ಎನ್ನುವುದೊಂದೇ ದಾರಿ ಉಳಿಯುತ್ತದೆ. ಒತ್ತಡ ಹುಟ್ಟುವುದು ಗಡುವಿನ ಪ್ರಸ್ತಾಪದಿಂದಲ್ಲ, ಎದುರಿನವರಿಗೆ ಉಳಿಸಿದ ಕಾಲ ಸಾಲದೇ ಹೋದಾಗ ಎಂಬುದು ನನ್ನ ಅನುಭವ.

ಸಂದರ್ಶನ ಮಾಡಿದ ಹಿರಿಯರಿಗಲ್ಲದೆ, ಮೊದಲಿನಿಂದ ಸಂಪರ್ಕದಲ್ಲಿರುವ ಎಚ್‌ಆರ್ ಸಿಬ್ಬಂದಿಗೇ ಇಮೇಲ್ ಬರೆಯುವುದು ಸರಿ. ಪತ್ರ ಹೀಗಿರಬಹುದು:

“ಮಾನ್ಯರೇ, ಕಳೆದ ವಾರದ ಸಂದರ್ಶನಕ್ಕಾಗಿ ಧನ್ಯವಾದಗಳು. ನನಗೆ ಬೇರೊಂದು ಸಂಸ್ಥೆಯಿಂದ ನೇಮಕಾತಿ ಪತ್ರ ಬಂದಿದ್ದು, 20ನೇ ತಾರೀಖಿನೊಳಗೆ ಉತ್ತರಿಸಬೇಕಾಗಿದೆ. ನನ್ನ ಮೊದಲ ಆಯ್ಕೆ ನಿಮ್ಮ ಸಂಸ್ಥೆಯೇ ಆಗಿರುವುದರಿಂದ ಮೊದಲೇ ತಿಳಿಸುತ್ತಿದ್ದೇನೆ. 18ರ ಬುಧವಾರದೊಳಗೆ ನಿಮ್ಮ ನಿರ್ಧಾರ, ಅಥವಾ ಅದು ಯಾವಾಗ ಆಗಬಹುದೆಂಬ ಅಂದಾಜು ತಿಳಿದರೆ ಅನುಕೂಲವಾಗುತ್ತದೆ. ಅಷ್ಟರಲ್ಲಿ ಸಾಧ್ಯವಾಗದಿದ್ದರೂ ದಯವಿಟ್ಟು ತಿಳಿಸಿ.”

18 ಎಂದು ಕೇಳಿದ್ದರಿಂದ ಎರಡೂ ಕಡೆಯ ಷರತ್ತುಗಳನ್ನು ಮನೆಯವರೊಡನೆ ಕುಳಿತು ನೋಡಲು ಅವಳಿಗೆ ಎರಡು ದಿನ ಸಿಗುತ್ತದೆ. ‘ಅಂದಾಜು’ ಎಂಬ ಮಾತು ಅವರಿಗೆ ಸುಲಭವಾದ ಉತ್ತರವೊಂದನ್ನು ಒದಗಿಸುತ್ತದೆ. ‘ಇಲ್ಲವಾದರೆ ಅಲ್ಲಿಗೆ ಸೇರುತ್ತೇನೆ’ ಎಂಬ ವಾಕ್ಯ ಬೇಡ. ಅದು ಬರೆಯದೆಯೂ ಅರ್ಥವಾಗುವ ಮಾತು, ಬರೆದರೆ ಬೆದರಿಕೆಯಾಗಿ ಕೇಳಿಸುತ್ತದೆ. ಅಲ್ಲಿಯ ಸಂಬಳದ ಮೊತ್ತವೂ ಬೇಡ, ಏಕೆಂದರೆ ಅದನ್ನು ಸೇರಿಸಿದೊಡನೆ ಪತ್ರ ಚೌಕಾಶಿಯಾಗಿಬಿಡುತ್ತದೆ. ‘ಮೊದಲ ಆಯ್ಕೆ’ ಎಂಬುದನ್ನು ನಿಜವಿದ್ದರೆ ಮಾತ್ರ ಬರೆಯಬೇಕು.

ಸೋಮವಾರದವರೆಗೂ ಉತ್ತರವಿಲ್ಲದಿದ್ದರೆ ಒಮ್ಮೆ ಫೋನ್ ಮಾಡಿ, “ಮೇಡಂ, ಶುಕ್ರವಾರ ಒಂದು ಮೇಲ್ ಕಳಿಸಿದ್ದೆ, ತಲುಪಿತೇ?” ಎಂದಷ್ಟೇ ಕೇಳಿದರೆ ಸಾಕು. ‘25ಕ್ಕೆ ಹೇಳುತ್ತೇವೆ’ ಎಂಬ ಖಚಿತ ಉತ್ತರ ಬಂದರೆ, ಅದೇ ದಿನ ಹುಬ್ಬಳ್ಳಿಯವರಲ್ಲಿ 26ರವರೆಗೆ ಕಾಲಾವಕಾಶ ಕೋರಬಹುದು. ಇಂಥ ಕೋರಿಕೆ ಒಮ್ಮೆ ಮಾತ್ರ ಒಪ್ಪುತ್ತದೆ. ನಿಗದಿತ ವೇಳಾಪಟ್ಟಿಯಂತೆ ನಡೆಯುವ ಸರ್ಕಾರಿ ನೇಮಕಾತಿಯಲ್ಲಿ ಈ ಕ್ರಮ ನಡೆಯದು.

ಹುಬ್ಬಳ್ಳಿಯವರೂ ಒಪ್ಪದೆ, ಕಾರವಾರದಿಂದಲೂ ಲಿಖಿತವಾಗಿ ಏನೂ ಬಾರದೆ 20ನೇ ತಾರೀಖು ಬಂದರೆ, ಅವಳು ಹುಬ್ಬಳ್ಳಿಗೆ ಒಪ್ಪಿಗೆ ಕಳಿಸಿ, ಅದೇ ಸಂಜೆ ಕಾರವಾರದವರಿಗೂ ಎರಡು ಸಾಲಿನಲ್ಲಿ ತಿಳಿಸಿಬಿಡಬೇಕು.