ಪ್ರಿನ್ಸಿಪಾಲರಿಗೆ ನಾನು ಬರೆದ ಎರಡು ಪತ್ರ

ತುಮಕೂರಿನಲ್ಲಿ ಎಂ.ಎಸ್.ಡಬ್ಲ್ಯು. ಓದುವಾಗ ನಾನು ಪ್ರಾಜೆಕ್ಟಿಗೆ ಆರಿಸಿಕೊಂಡ ವಿಷಯ ಬಸ್ಸು. ಕೊರಟಗೆರೆ, ಗುಬ್ಬಿ, ಶಿರಾ ಕಡೆಯ ಹಳ್ಳಿಗಳಿಂದ ದಿನಾ ತುಮಕೂರಿಗೆ ಬಂದು ಓದುವ ಮಕ್ಕಳಿಗೆ ಮೊದಲನೇ ಪೀರಿಯಡ್ ಎಷ್ಟು ಸಲ ತಪ್ಪುತ್ತದೆ? ಶಕ್ತಿ ಯೋಜನೆಯಲ್ಲಿ 2023ರ ಜೂನ್ 11ರಿಂದ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸಿನ ಟಿಕೆಟ್ ದುಡ್ಡು ಉಳಿಯಿತು. ಆದರೆ ಬೆಳಗಿನ ಬಸ್ಸಿನಲ್ಲಿ ಜಾಗ ಸಿಗುತ್ತದಾ? ಇದನ್ನು ಮಕ್ಕಳನ್ನೇ ಕೇಳಬೇಕಿತ್ತು. ಅದಕ್ಕೆ ನಗರದ ಒಂದು ಪದವಿ ಕಾಲೇಜಿನ ಪ್ರಿನ್ಸಿಪಾಲರ ಅನುಮತಿ ಬೇಕಿತ್ತು.

ಮೊದಲ ಪತ್ರದಲ್ಲಿ ಇದ್ದದ್ದು ಮೂರೇ ಸಾಲು. ‘ನಿಮ್ಮ ಕಾಲೇಜಿನ ವಿದ್ಯಾರ್ಥಿಗಳಲ್ಲಿ ಸಮೀಕ್ಷೆ ನಡೆಸಲು ಅನುಮತಿ ನೀಡಬೇಕೆಂದು ಕೋರುತ್ತೇನೆ’ ಅಂತ. ಕಚೇರಿಯಲ್ಲಿ ಕೊಟ್ಟು ಬಂದೆ. ಒಂಬತ್ತು ದಿನ ಕಳೆದರೂ ಉತ್ತರವಿಲ್ಲ. ಹೋಗಿ ಕೇಳಿದರೆ ಪತ್ರ ಎಲ್ಲಿದೆ ಅಂತ ಯಾರಿಗೂ ಗೊತ್ತಿರಲಿಲ್ಲ. ನನ್ನ ಹತ್ತಿರ ಪ್ರತಿಯೂ ಇರಲಿಲ್ಲ.

ಕೊನೆಗೆ ಪ್ರಿನ್ಸಿಪಾಲರನ್ನೇ ಕಂಡೆ. ಅವರು ಕೇಳಿದ್ದು ಇಷ್ಟೇ: ‘ಯಾವ ಕ್ಲಾಸಮ್ಮ? ಪಾಠ ಎಷ್ಟು ಹೊತ್ತು ನಿಲ್ಲಿಸಬೇಕು? ಮಕ್ಕಳನ್ನ ಏನು ಕೇಳ್ತೀಯ?’ ಮೂರಕ್ಕೂ ನನ್ನ ಪತ್ರದಲ್ಲಿ ಉತ್ತರ ಇರಲಿಲ್ಲ. ನಾಳೆ ಯಾರದ್ದಾದರೂ ಅಪ್ಪ ಅಮ್ಮ ಬಂದು ‘ನಮ್ಮ ಹುಡುಗೀನ ಏನೇನೋ ಕೇಳಿದರಂತೆ’ ಅಂದರೆ ಉತ್ತರ ಕೊಡಬೇಕಾದವರು ಅವರು. ಸಹಿ ಹಾಕುವ ಮುಂಚೆ ಇದೆಲ್ಲ ಅವರಿಗೆ ತಿಳಿದಿರಬೇಕು, ಅಲ್ವಾ?

ಹಾಗಾಗಿ ಎರಡನೇ ಪತ್ರಕ್ಕೆ ಕೈ ಹಾಕುವ ಮುಂಚೆ ಪ್ರಶ್ನಾವಳಿಯನ್ನೇ ತಿದ್ದಿದೆ. ಅದರಲ್ಲಿ 34 ಪ್ರಶ್ನೆ ಇದ್ದವು. ಹಾಸ್ಟೆಲಿನ ಆರು ಜನ ಗೆಳತಿಯರ ಕೈಲಿ ತುಂಬಿಸಿ ಗಡಿಯಾರ ನೋಡಿದೆ. ಇಪ್ಪತ್ತು ನಿಮಿಷ ದಾಟಿತು. ಕೊನೆಯ ಪುಟಕ್ಕೆ ಬರುವಾಗ ಓದದೆ ಸುಮ್ನೆ ಟಿಕ್ ಹಾಕುತ್ತಿದ್ದರು. 22 ಪ್ರಶ್ನೆಗೆ ಇಳಿಸಿದ ಮೇಲೆ 12 ನಿಮಿಷಕ್ಕೆ ಮುಗಿಯಿತು. ಕಾಗದ ಹಂಚಿ, ವಾಪಸ್ ತೆಗೆದುಕೊಳ್ಳುವುದೂ ಸೇರಿಸಿ ಪತ್ರದಲ್ಲಿ 20 ನಿಮಿಷ ಅಂತ ಬರೆದೆ.

ಆಮೇಲೆ ಪತ್ರದ ಮುಖ್ಯ ಭಾಗ ಹೀಗಾಯಿತು:

‘ವಿಷಯ: ಎರಡನೇ ವರ್ಷದ ಬಿ.ಎ. ಮತ್ತು ಬಿ.ಕಾಂ. ವಿದ್ಯಾರ್ಥಿಗಳಲ್ಲಿ ಬಸ್ ಪ್ರಯಾಣದ ಬಗ್ಗೆ ಸಮೀಕ್ಷೆ ನಡೆಸಲು ಅನುಮತಿ ಕೋರಿ.

ಮಾನ್ಯರೇ, ಮೂರು ತರಗತಿಗಳಲ್ಲಿ ತಲಾ ಸುಮಾರು 40ರಂತೆ 120 ವಿದ್ಯಾರ್ಥಿಗಳಿಂದ ಮುದ್ರಿತ ಪ್ರಶ್ನಾವಳಿ ತುಂಬಿಸಿಕೊಳ್ಳಲು ಬಯಸುತ್ತೇನೆ. ಪ್ರತಿ ತರಗತಿಗೆ 20 ನಿಮಿಷ ಸಾಕು. ಆಂತರಿಕ ಪರೀಕ್ಷೆ ಮುಗಿದ ಮೇಲೆ ತಾವು ಸೂಚಿಸುವ ದಿನ ಬರುತ್ತೇನೆ. ಹೆಸರು, ರಿಜಿಸ್ಟರ್ ನಂಬರ್, ಫೋನ್ ನಂಬರ್ ಕೇಳುವುದಿಲ್ಲ. ಫೋಟೊ ತೆಗೆಯುವುದಿಲ್ಲ. ಇಷ್ಟವಿಲ್ಲದವರು ತುಂಬಬೇಕಾಗಿಲ್ಲ. ವರದಿಯಲ್ಲಿ ಕಾಲೇಜಿನ ಹೆಸರು ಬಳಸುವುದಿಲ್ಲ. ವರದಿಯ ಒಂದು ಪ್ರತಿಯನ್ನು ತಮಗೆ ಸಲ್ಲಿಸುತ್ತೇನೆ.

ಲಗತ್ತು: ಪ್ರಶ್ನಾವಳಿ, ಮಾರ್ಗದರ್ಶಕರ ಪತ್ರ, ಗುರುತಿನ ಚೀಟಿಯ ನಕಲು.’

‘ಇಂದ’, ‘ಗೆ’ ಆದ ಮೇಲೆ ‘ಮೂಲಕ’ ಅಂತ ಬರೆದು ನಮ್ಮ ವಿಭಾಗದ ಮುಖ್ಯಸ್ಥರ ಸಹಿ, ಸೀಲು ಹಾಕಿಸಿದೆ. ಇದು ವಿಭಾಗಕ್ಕೆ ಗೊತ್ತಿದ್ದು ನಡೆಯುತ್ತಿರುವ ಕೆಲಸ ಅನ್ನುವುದು ಅದರಿಂದ ತಿಳಿಯುತ್ತದೆ. ಈ ಸಲ ಎರಡು ಪ್ರತಿ ಒಯ್ದೆ. ಒಂದನ್ನು ಕಚೇರಿಗೆ ಬಂದ ಪತ್ರ ತೆಗೆದುಕೊಳ್ಳುವ ಇನ್‌ವರ್ಡ್ ಕಿಟಕಿಯಲ್ಲಿ ಕೊಟ್ಟು, ಇನ್ನೊಂದರ ಮೇಲೆ ಸೀಲು, ನಂಬರು, ತಾರೀಕು ಹಾಕಿಸಿಕೊಂಡೆ. ಆ ನಂಬರ್ ಹೇಳಿದರೆ ಕಚೇರಿಯವರು ಪತ್ರ ಯಾರ ಟೇಬಲ್ಲಿನಲ್ಲಿದೆ ಅಂತ ನೋಡಿ ಹೇಳುತ್ತಾರೆ.

ನಾಲ್ಕನೇ ದಿನ ಪ್ರಿನ್ಸಿಪಾಲರು ಕರೆಸಿದರು. 17ನೇ ಪ್ರಶ್ನೆಗೆ ಕೆಂಪು ಗೆರೆ ಎಳೆದಿದ್ದರು. ‘ಬಸ್ಸಿನಲ್ಲಿ ನಿಮಗೆ ಕಿರುಕುಳ ಆಗಿದೆಯೇ?’ ಅನ್ನುವ ಪ್ರಶ್ನೆ ಅದು. ‘ಒಬ್ಬ ಹುಡುಗಿ ಹೌದು ಅಂತ ಬರೆದರೆ ನೀನು ಏನು ಮಾಡ್ತೀಯಮ್ಮ?’ ಅಂದರು. ನನ್ನಲ್ಲಿ ಉತ್ತರ ಇರಲಿಲ್ಲ. ಹೆಸರಿಲ್ಲದ ಕಾಗದದಲ್ಲಿ ನೋವು ಬರೆಸಿಕೊಂಡು ಎದ್ದು ಬರುವುದು ಸರಿಯಲ್ಲ ಅಂತ ನನಗೂ ಅನ್ನಿಸಿತು. ಆದರೆ ಅದನ್ನು ಪೂರ್ತಿ ಬಿಡಲು ಮನಸ್ಸು ಬರಲಿಲ್ಲ. ‘ಬಸ್ಸಿನಲ್ಲಿ ತೊಂದರೆಯಾದರೆ ಯಾರಿಗೆ ಹೇಳಬೇಕು ಅಂತ ನಿಮಗೆ ಗೊತ್ತೇ?’ ಅಂತ ಬದಲಿಸಿದೆ. ಹಾಳೆಯ ಕೆಳಗೆ ಮಹಿಳಾ ಸಹಾಯವಾಣಿ 181 ಮತ್ತು ತುರ್ತು ನಂಬರ್ 112 ಅಚ್ಚು ಹಾಕಿಸಿದೆ. ಹರಿದು ಇಟ್ಟುಕೊಳ್ಳಲು ಬರುವ ಹಾಗೆ. ಅವರು ಒಪ್ಪಿದರು.

ಅವರು ಇನ್ನೊಂದು ಷರತ್ತು ಹಾಕಿದರು. ತರಗತಿಯಲ್ಲಿ ಒಬ್ಬ ಮೇಷ್ಟ್ರು ಇರಲೇಬೇಕು. ಅದು ನ್ಯಾಯವೇ. ಆದರೆ ಮೇಷ್ಟ್ರು ಬೆಂಚುಗಳ ನಡುವೆ ಓಡಾಡಿದರೆ ‘ತಡವಾಗಿ ಬಂದರೆ ಕ್ಲಾಸಿಗೆ ಸೇರಿಸುತ್ತಾರಾ?’ ಅನ್ನುವುದಕ್ಕೆ ಯಾವ ಮಗು ನಿಜ ಬರೆಯುತ್ತದೆ? ‘ಮೇಷ್ಟ್ರು ಮುಂದೆ ಕೂತಿರಲಿ ಸರ್, ಮಕ್ಕಳು ಹಾಳೆ ಮಡಚಿ ಡಬ್ಬಿಗೆ ಹಾಕಲಿ’ ಅಂತ ಕೇಳಿದೆ. ಪತ್ರದ ಅಂಚಿನಲ್ಲೇ ಎರಡನ್ನೂ ಬರೆದು ‘ಅನುಮತಿಸಿದೆ’ ಅಂತ ಸಹಿ ಹಾಕಿದರು. ಅದರ ಜೆರಾಕ್ಸ್ ಮಾಡಿಸಿಕೊಂಡು ಪ್ರತಿ ತರಗತಿಗೂ ಒಯ್ದೆ. ಒಬ್ಬ ಮೇಷ್ಟ್ರು ಬಾಗಿಲಲ್ಲೇ ತಡೆದಾಗ ತೋರಿಸಿದ್ದು ಅದನ್ನೇ.

ಪ್ರಿನ್ಸಿಪಾಲರ ಸಹಿ ಇದೆ ಅಂತ ಮಕ್ಕಳ ಒಪ್ಪಿಗೆ ಇದ್ದ ಹಾಗಲ್ಲ. ಪ್ರತಿ ತರಗತಿಯಲ್ಲೂ ‘ಬೇಡ ಅನ್ನುವವರು ಖಾಲಿ ಹಾಳೆ ಮಡಚಿ ಹಾಕಿ, ಯಾರೂ ಕೇಳುವುದಿಲ್ಲ’ ಅಂದೆ. ಡಬ್ಬಿಯಲ್ಲಿ 113 ಹಾಳೆ ಸಿಕ್ಕವು. ಅದರಲ್ಲಿ ಖಾಲಿ ಇದ್ದದ್ದು ಒಂಬತ್ತು. ಪಿಯು ಕಾಲೇಜಾಗಿದ್ದರೆ ಇಷ್ಟು ಸಾಲುತ್ತಿರಲಿಲ್ಲ. ಅಲ್ಲಿ ಜಾಸ್ತಿ ಮಕ್ಕಳಿಗೆ 18 ತುಂಬಿರುವುದಿಲ್ಲ, ಪೋಷಕರ ಒಪ್ಪಿಗೆ ಚೀಟಿಯೂ ಬೇಕಾಗುತ್ತದೆ.

ವರದಿ ಮುಗಿದ ವಾರ ಒಂದು ಪ್ರತಿ ಬೈಂಡ್ ಮಾಡಿಸಿ ಅದೇ ಇನ್‌ವರ್ಡ್ ಕಿಟಕಿಯಲ್ಲಿ ಕೊಟ್ಟು ಬಂದೆ.