ಸ್ಯಾಂಪಲ್ ಪಾಸ್, ಮರ ಮಾತ್ರ ಮೈನಸ್ ಒಂದು: 2ಡಿ ಪ್ರಿಫಿಕ್ಸ್ ಸಮ್ ಜೊತೆ ನನ್ನ ಒಂದು ಸಂಜೆ

ಪ್ರೋಗ್ರಾಮಿಂಗ್ ಅಭ್ಯಾಸಕ್ಕೆ ಇರೋ ಸಿಎಸ್ಇಎಸ್ ಅನ್ನೋ ಸೈಟಿನ ಪ್ರಾಬ್ಲಮ್ ಸೆಟ್ ಮಾಡ್ತಾ ಇರೋರಿಗೆ ಫಾರೆಸ್ಟ್ ಕ್ವೆರೀಸ್ ಗೊತ್ತಿರತ್ತೆ. ಒಂದು ಚೌಕದ ಕಾಡು, ಉದ್ದ ಅಗಲ ಎರಡೂ ಹೆಚ್ಚಂದ್ರೆ 1000, ಮರ ಇರೋ ಕಡೆ ನಕ್ಷತ್ರ, ಇಲ್ಲದ ಕಡೆ ಚುಕ್ಕಿ. ಅವ್ರು ಒಂದು ಆಯತದ ಎರಡು ಮೂಲೆ ಕೊಡ್ತಾರೆ, ಅದರೊಳಗೆ ಎಷ್ಟು ಮರ ಇದೆ ಅಂತ ಹೇಳ್ಬೇಕು, ಅಷ್ಟೇ. ಆದ್ರೆ ಇಂಥ ಕ್ವೆರಿ 2 ಲಕ್ಷದವರೆಗೂ ಬರಬಹುದು. ಪ್ರತಿ ಸಲ ಒಂದೊಂದೇ ಚೌಕ ಎಣಿಸ್ತಾ ಕೂತ್ರೆ 10 ಲಕ್ಷ ಗುಣಿಸು 2 ಲಕ್ಷ, ಅಂದ್ರೆ 20,000 ಕೋಟಿ ಸಲ ಎಣಿಸ್ಬೇಕು, ಟೈಮ್ ಲಿಮಿಟ್ ಒಳಗೆ ಅದು ಆಗೋ ಮಾತಲ್ಲ.

ಇದಕ್ಕೆ 2ಡಿ ಪ್ರಿಫಿಕ್ಸ್ ಸಮ್ ಅನ್ನೋ ಉಪಾಯ ನಂಗೆ ಗೊತ್ತಿತ್ತು, ಅದೇ ಸ್ವಲ್ಪ ಕೊಬ್ಬಾಯ್ತು ಅನ್ಸತ್ತೆ. ಎಡಗಡೆ ಮೇಲಿನ ಮೂಲೆಯಿಂದ ಶುರು ಮಾಡಿ ಈ ಚೌಕದವರೆಗಿನ ಆಯತದಲ್ಲಿ ಒಟ್ಟು ಎಷ್ಟು ಮರ ಅಂತ ಪ್ರತಿ ಚೌಕಕ್ಕೂ ಮೊದ್ಲೇ ಲೆಕ್ಕ ಹಾಕಿ P ಅನ್ನೋ ಟೇಬಲ್ ನಲ್ಲಿ ಇಟ್ಕೊಳೋದು. ಆಮೇಲೆ ಮಧ್ಯದಲ್ಲಿರೋ ಯಾವ ಆಯತ ಕೇಳಿದ್ರೂ, ಬಲಗಡೆ ಕೆಳಗಿನ ಮೂಲೆಯ P ತಗೊಂಡು, ಮೇಲಿನ ಪಟ್ಟಿ ಕಳೆದು, ಎಡಗಡೆ ಪಟ್ಟಿ ಕಳೆದು, ಈ ಎರಡೂ ಪಟ್ಟಿ ಒಂದರ ಮೇಲೊಂದು ಕೂತಿರೋ ಮೂಲೆ ತುಂಡನ್ನ ವಾಪಸ್ ಕೂಡಿಸೋದು, ಯಾಕಂದ್ರೆ ಅದನ್ನ ಎರಡು ಸಲ ಕಳೆದುಬಿಟ್ಟಿರ್ತೀವಿ. ಇನ್ಕ್ಲೂಶನ್ ಎಕ್ಸ್ಕ್ಲೂಶನ್ ಅಂತ ದೊಡ್ಡ ಹೆಸರು, ಒಳಗಿರೋದು ಇಷ್ಟೇ.

ಅಲ್ಲಿ ಕೊಟ್ಟಿರೋ ಸ್ಯಾಂಪಲ್ ಗ್ರಿಡ್ ಇದು, ಪಕ್ಕದಲ್ಲಿ ಅದರ P:

```
.*..      0 1 1 1
*.**      1 2 3 4
**..      2 4 5 6
****      3 6 8 10
```

ಮೊದಲ ಕ್ವೆರಿ `2 2 3 4`, ಅಂದ್ರೆ 2ನೇ ಸಾಲು 2ನೇ ಕಾಲಮ್ ನಿಂದ 3ನೇ ಸಾಲು 4ನೇ ಕಾಲಮ್ ವರೆಗೆ. ಕೆಳಗಿನ ಮೂಲೆ 6, ಮೇಲಿನ ಪಟ್ಟಿ 1, ಎಡಗಡೆ ಪಟ್ಟಿ 2, ಮೂಲೆ ತುಂಡು 0. 6 − 1 − 2 + 0 = 3. ಕೈಯಲ್ಲಿ ಎಣಿಸಿದ್ರೂ ಮೂರೇ. ಆ ಕೊನೇ ಸೊನ್ನೆ ಕಡೆ ಸ್ವಲ್ಪ ಗಮನ ಇರಲಿ, ನಾನು ಅವತ್ತು ಕೊಡ್ಲಿಲ್ಲ.

ಈಗ ನಾನು ಮಾಡಿದ ಕೆಲಸ. ಮೊದ್ಲು ಎಲ್ಲಾ 1ರಿಂದ ಎಣಿಸೋ ಥರ ಬರೆದಿದ್ದೆ, ಗ್ರಿಡ್ ನ ಸ್ಟ್ರಿಂಗ್ ಆಗಿ ಓದ್ತಿದ್ದರಿಂದ ಅದು 0ಯಿಂದ ಶುರುವಾಗ್ತಿತ್ತು, ಎರಡೂ ಜೊತೆಗಿದ್ರೆ ತಲೆ ಕೆಡತ್ತೆ ಅಂತ ಎಲ್ಲಾನೂ 0ಯಿಂದ ಎಣಿಸೋಕೆ ಬದಲಾಯಿಸಿದೆ. ಅಂಚು ದಾಟಿ ಹೊರಗೆ ಓದಬಾರದಲ್ಲ, ಅದಕ್ಕೆ `if` ಹಾಕಿದ್ದೆ, ಅವುಗಳಲ್ಲಿದ್ದ 1ನ್ನೆಲ್ಲ 0 ಮಾಡ್ಬೇಕಿತ್ತು, ಮಾಡ್ದೆ, ಎಲ್ಲಾ ಮಾಡಿದೀನಿ ಅಂತಲೇ ಅಂದ್ಕೊಂಡಿದ್ದೆ:

```cpp
int s = P[r2][c2];
if (r1 > 0) s -= P[r1-1][c2];
if (c1 > 0) s -= P[r2][c1-1];
if (r1 > 1 && c1 > 1) s += P[r1-1][c1-1];
```

ಕೊನೇ ಸಾಲು ಹಳೇದೇ ಉಳ್ಕೊಂಡಿದೆ. ಸ್ಯಾಂಪಲ್ ಓಡಿಸ್ದೆ, 3, 1, 2 ಅಂತ ಸರಿಯಾಗೇ ಬಂತು. ಸಬ್ಮಿಟ್ ಮಾಡ್ದೆ, ರಾಂಗ್ ಆನ್ಸರ್.

ಮೊದಲ ಅನುಮಾನ ಹೋಗಿದ್ದು ಸಾಲು ಕಾಲಮ್ ಅದಲು ಬದಲಾಗಿದೆಯಾ ಅಂತ, ಯಾಕಂದ್ರೆ ಅಲ್ಲಿ y ಮೊದ್ಲು ಬರತ್ತೆ, x ಆಮೇಲೆ. ಅದು ಸರಿ ಇತ್ತು. ಆಮೇಲೆ ಒಂದೊಂದೇ ಚೌಕ ಎಣಿಸೋ ದಡ್ಡ ಕೋಡ್ ಬರೆದು, 1000 × 1000 ಗ್ರಿಡ್ ನಲ್ಲಿ ರ‍್ಯಾಂಡಮ್ ಆಗಿ 50 ಆಯತ ತಗೊಂಡು ಎರಡನ್ನೂ ಹೋಲಿಸಿದೆ, ಐವತ್ತೂ ತಾಳೆ ಆಯ್ತು. ಇಲ್ಲಿ ನಾನು ಸುಮಾರು ಒಂದು ಗಂಟೆ ಹಾಳು ಮಾಡ್ಕೊಂಡೆ, ಫಾರ್ಮುಲಾ ಸರಿ ಇದೆ ಅಂತ ತೀರ್ಮಾನ ಮಾಡಿ ಇನ್ಪುಟ್ ಓದೋದ್ರಲ್ಲಿ, ಅರೇ ಸೈಜ್ ನಲ್ಲಿ, ಎಲ್ಲೆಲ್ಲೋ ಹುಡುಕ್ತಿದ್ದೆ. ಆಮೇಲೆ ಬೇಜಾರಾಗಿ, ಗ್ರಿಡ್ ಚಿಕ್ಕದು ಮಾಡಿದ್ರೆ ಕಣ್ಣಲ್ಲಾದ್ರೂ ನೋಡಬಹುದಲ್ಲ ಅಂತ 2 × 2ಕ್ಕೆ ಇಳಿಸಿದೆ. ತಕ್ಷಣ ಸಿಕ್ತು:

```
**
*.
ಕ್ವೆರಿ: 2 2 2 2
ಸರಿ ಉತ್ತರ: 0
ನನ್ನದು: -1
```

ಮೈನಸ್ ಒಂದು ಮರ! ನೋಡಿ ನಗು ಬಂತು, ಆದ್ರೆ ಕಾರಣ ಅಲ್ಲೇ ಇತ್ತು. ಕೆಳಗಿನ ಮೂಲೆಯ P 3, ಮೇಲಿನ ಪಟ್ಟಿ 2, ಎಡಗಡೆ ಪಟ್ಟಿ 2, ವಾಪಸ್ ಕೂಡಿಸ್ಬೇಕಿದ್ದ ಮೂಲೆ ತುಂಡು 1. ಅದು ಕೂಡ್ಲೇ ಇಲ್ಲ. ಮರ ಎಣಿಸೋ ಲೆಕ್ಕದಲ್ಲಿ ಉತ್ತರ ಮೈನಸ್ ಗೆ ಹೋದ್ರೆ ಕಳೆದಿದ್ದು ಜಾಸ್ತಿ ಆಗಿದೆ ಅಂತ ಅರ್ಥ, ಅಲ್ಲಿಗೆ ನಾನು ನಾಲ್ಕು ಸಾಲನ್ನ ಒಂದೊಂದಾಗಿ ನೋಡಿದೆ, ಕೊನೇದ್ರಲ್ಲಿ `> 1` ಕಣ್ಣಿಗೆ ಬಿತ್ತು.

ಹಾಗಾದ್ರೆ ಸ್ಯಾಂಪಲ್ ಹೇಗೆ ಪಾಸಾಯ್ತು? ಇದೇ ನಂಗೆ ಇಡೀ ಕಥೆಯಲ್ಲಿ ಮಜಾ ಅನ್ಸಿದ್ದು. ಎರಡನೇ ಕ್ವೆರಿ `3 1 3 1` ಮೊದಲ ಕಾಲಮ್ ನಿಂದಲೇ ಶುರು, ಮೂರನೇದು `1 1 2 2` ಮೊದಲ ಸಾಲಿಂದಲೇ ಶುರು, ಎರಡಕ್ಕೂ ಮೂಲೆ ತುಂಡು ಅನ್ನೋದೇ ಇಲ್ಲ. ಮೊದಲನೇದಕ್ಕೆ ಮಾತ್ರ ಇದೆ, ಆದ್ರೆ ಆ ತುಂಡು ಅಂದ್ರೆ ಗ್ರಿಡ್ ನ ಮೊಟ್ಟಮೊದಲ ಚೌಕ ಒಂದೇ, ಅಲ್ಲಿರೋದು ಚುಕ್ಕಿ. ಮೂಲೆ ಕೂಡಿಸೋ ಸಾಲನ್ನ ಪೂರ್ತಿ ಅಳಿಸಿ ಹಾಕಿದ್ರೂ ಈ ಸ್ಯಾಂಪಲ್ ಪಾಸಾಗತ್ತೆ, ಬೇಕಾದ್ರೆ ಮಾಡಿ ನೋಡಿ. ಸ್ಯಾಂಪಲ್ ದು ತಪ್ಪಲ್ಲ ಬಿಡಿ, ಅದು ಇನ್ಪುಟ್ ಹೇಗಿರತ್ತೆ ಅಂತ ತೋರ್ಸೋಕೆ ಇರೋದು, ನನ್ನ ಕೋಡ್ ಕಾಯೋಕಲ್ಲ.

ದೊಡ್ಡ ಗ್ರಿಡ್ ನಲ್ಲಿ 50 ಟೆಸ್ಟ್ ಪಾಸಾಗಿದ್ದೂ ಇದೇ ಥರ. ನನ್ನ ತಪ್ಪು ಕಾಣೋದು ಆಯತ 2ನೇ ಸಾಲಿಂದ ಅಥವಾ 2ನೇ ಕಾಲಮ್ ನಿಂದ ಶುರುವಾದ್ರೆ ಮಾತ್ರ. 1ರಿಂದ ಶುರುವಾದ್ರೆ ಮೂಲೆ ಬೇಕಾಗಿಲ್ಲ, 3ರಿಂದ ಆಚೆ ಆದ್ರೆ `> 1` ಕೂಡ ಸರಿಯಾಗೇ ಕೆಲಸ ಮಾಡತ್ತೆ. 1000 ಸಾಲಿರೋ ಗ್ರಿಡ್ ನಲ್ಲಿ ರ‍್ಯಾಂಡಮ್ ಆಗಿ ಎರಡು ಸಾಲು ಆರಿಸಿದ್ರೆ ಮೇಲಿನದು ಸರಿಯಾಗಿ 2 ಆಗೋ ಸಾಧ್ಯತೆ ಸಾವಿರಕ್ಕೆ ಎರಡು, ಕಾಲಮ್ ದೂ ಸೇರಿಸಿದ್ರೆ ಸಾವಿರಕ್ಕೆ ನಾಲ್ಕು. ಐವತ್ತರಲ್ಲಿ ಒಂದೂ ಸಿಗದೇ ಇರೋದು ಸಹಜ. ಅದೇ 2 ಲಕ್ಷ ರ‍್ಯಾಂಡಮ್ ಕ್ವೆರಿ ಇದ್ರೆ ಸುಮಾರು 800 ತಪ್ಪಾಗತ್ತೆ. 3 × 3 ಗ್ರಿಡ್ ತಗೊಂಡ್ರೆ ಇರೋದೇ 36 ಆಯತ, ಅದರಲ್ಲಿ 8 ಈ ಬಲೆಗೆ ಬೀಳತ್ತೆ. ಅದಕ್ಕೆ ಈಗ ನಾನು ರ‍್ಯಾಂಡಮ್ ಗೊಡವೆಗೇ ಹೋಗಲ್ಲ, 3 × 3ರಲ್ಲಿ ಚುಕ್ಕಿ ನಕ್ಷತ್ರ ಸೇರಿ ಆಗೋ 512 ಗ್ರಿಡ್, ಒಂದೊಂದಕ್ಕೂ 36 ಆಯತ, ಒಟ್ಟು 18,432 ಹೋಲಿಕೆ, ಎಲ್ಲಾನೂ ಓಡಿಸ್ತೀನಿ, ಕಣ್ಣು ಮಿಟುಕಿಸೋದ್ರಲ್ಲಿ ಮುಗಿಯತ್ತೆ.

`> 1`ನ `> 0` ಮಾಡಿ ಸಬ್ಮಿಟ್ ಮಾಡಿದ್ರೆ ಅವತ್ತಿನ ಕೆಲಸ ಮುಗೀತಿತ್ತು. ಆದ್ರೆ ಮೂರು `if`, ನಾಲ್ಕು ಕಡೆ `-1`, ಮುಂದಿನ ಸಲ ಇನ್ನೊಂದು ಕಡೆ ಎಡವೋದು ಗ್ಯಾರಂಟಿ. ಹಾಗಾಗಿ P ಅಂದ್ರೆ ಏನು ಅನ್ನೋದನ್ನೇ ಬದಲಾಯಿಸ್ಕೊಂಡೆ. ಊರಲ್ಲಿ ಗದ್ದೆ ನೋಡಿದೋರಿಗೆ ಇದು ಸುಲಭ: ಸಾಲಾಗಿ ನಾಲ್ಕು ಗದ್ದೆ ಇದ್ರೆ ಎರಡು ತುದಿದೂ ಸೇರಿ ಬದು ಐದಿರತ್ತೆ. ನಾನು ಇಷ್ಟು ದಿನ P ನ ಗದ್ದೆಗೆ ಅಂಟಿಸ್ತಿದ್ದೆ, ಅದನ್ನ ಅಂಟಿಸ್ಬೇಕಿದ್ದು ಬದುವಿಗೆ. `P[i][j]` ಅಂದ್ರೆ ಮೇಲಿನ i ಸಾಲು, ಎಡಗಡೆಯ j ಕಾಲಮ್, ಇಷ್ಟರೊಳಗಿನ ಮರ. 0ನೇ ಬದುವಿನ ಆಚೆ ಏನೂ ಇಲ್ಲ, ಅಲ್ಲಿ ಸೊನ್ನೆ. ಟೇಬಲ್ 1001 × 1001 ಆಗತ್ತೆ, `int` ಆದ್ರೆ ಸುಮಾರು 4 ಎಂಬಿ, ಏನೂ ಭಾರ ಇಲ್ಲ.

```cpp
for (int i = 0; i < n; i++)
  for (int j = 0; j < n; j++)
    P[i+1][j+1] = P[i][j+1] + P[i+1][j]
                - P[i][j] + (g[i][j] == '*');

// ಓದುವಾಗ ಒಂದೇ ಸಲ: ಮೇಲಿನ ಬದು, ಎಡಗಡೆ ಬದು
int r1 = y1 - 1, c1 = x1 - 1, r2 = y2, c2 = x2;
int s = P[r2][c2] - P[r1][c2] - P[r2][c1] + P[r1][c1];
```

(`y1` ಅನ್ನೋ ಹೆಸರನ್ನ ಗ್ಲೋಬಲ್ ಆಗಿ ಇಟ್ರೆ `cmath`ನಲ್ಲಿರೋ ಅದೇ ಹೆಸರಿನ ಫಂಕ್ಷನ್ ಜೊತೆ ಜಗಳ ಆಡತ್ತೆ, `main` ಒಳಗೇ ಇಡಿ.)

ಈಗ ಉತ್ತರದ ಸಾಲಲ್ಲಿ `if` ಇಲ್ಲ, `-1` ಇಲ್ಲ. ಒಂದು ಕಮ್ಮಿ ಮಾಡೋದು ಓದೋ ಜಾಗದಲ್ಲಿ ಮಾತ್ರ. ಚಿಹ್ನೆ ಮರೆತ್ರೆ ಹೈಸ್ಕೂಲ್ ಬೀಜಗಣಿತ ಸಾಕು, (r2 − r1)(c2 − c1) ಬಿಡಿಸಿ, r2c2 − r1c2 − r2c1 + r1c1, ನಾಲ್ಕು ಪದ, ಅದೇ ನಾಲ್ಕು ಇಂಡೆಕ್ಸ್, ಅದೇ ಚಿಹ್ನೆ. ಹಳೇ ಸ್ಯಾಂಪಲ್ ನ `2 2 3 4` ಇಲ್ಲಿ r1 = 1, c1 = 1, r2 = 3, c2 = 4 ಆಗತ್ತೆ, ಮತ್ತೆ 6 − 1 − 2 + 0. ಓಪನ್ ಸಿವಿಯಲ್ಲಿ `integral` ಅನ್ನೋ ಫಂಕ್ಷನ್ ಇದೆ, ಚಿತ್ರಕ್ಕೆ ಇದೇ ಕೆಲಸ ಮಾಡೋದು, ಅದು ಕೊಡೋ ಟೇಬಲ್ಲೂ ಚಿತ್ರಕ್ಕಿಂತ ಒಂದು ಸಾಲು ಒಂದು ಕಾಲಮ್ ದೊಡ್ಡದು. ಮೊದ್ಲು ನೋಡಿದಾಗ ಯಾಕಪ್ಪಾ ಅನ್ಸಿತ್ತು, ಈಗ ಗೊತ್ತಾಯ್ತು.

ಟೇಬಲ್ ಕಟ್ಟೋವಾಗಲೂ ಇದೇ ಥರ ತಪ್ಪಾಗತ್ತೆ, ಆದ್ರೆ ಅದರ ಲಕ್ಷಣ ಬೇರೆ. ಕಟ್ಟೋ ಸಾಲಲ್ಲಿ `- P[i][j]` ಬಿಟ್ಟುಹೋದ್ರೆ ಸಂಖ್ಯೆಗಳು ಊದ್ಕೊಂಡು ಹೋಗತ್ತೆ, ಯಾಕಂದ್ರೆ ಎರಡು ಸಲ ಎಣಿಸಿದ್ದು ಮುಂದಿನ ಚೌಕದಲ್ಲಿ ಮತ್ತೆ ಎರಡು ಸಲ ಸೇರತ್ತೆ. ಪೂರ್ತಿ ಮರ ತುಂಬಿರೋ 10 × 10 ಗ್ರಿಡ್ ನಲ್ಲಿ ಕೊನೇ ಮೂಲೆ 100 ಬರೋ ಬದ್ಲು 1,84,755 ಬರತ್ತೆ. ಅದು ಕೂಗಿ ಹೇಳೋ ತಪ್ಪು, ಟೇಬಲ್ ಪ್ರಿಂಟ್ ಮಾಡಿದ್ರೆ ಸಾಕು. ಕ್ವೆರಿಯಲ್ಲಿ ಮೂಲೆ ತಪ್ಪಿದ್ರೆ ಒಂದೊಂದು ಉತ್ತರದಲ್ಲಿ ಅಷ್ಟಿಷ್ಟು ಕಮ್ಮಿಯಾಗಿ ಸುಮ್ನೆ ಕೂತಿರತ್ತೆ, ಹಾಗಾಗಿ ನಾನು ಮೊದ್ಲು ಪೂರ್ತಿ ನಕ್ಷತ್ರದ ಗ್ರಿಡ್ ಹಾಕಿ `P[i][j]` ಎಲ್ಲಾ ಕಡೆ i × j ಇದೆಯಾ ನೋಡ್ತೀನಿ, ಕಟ್ಟಿದ್ದು ಸರಿ ಅಂತ ಆದ್ಮೇಲೆ ಕ್ವೆರಿ ಕಡೆ ಹೋಗ್ತೀನಿ.

ಮರದ ಬದ್ಲು 100 ಕೋಟಿವರೆಗಿನ ಸಂಖ್ಯೆ ಇದ್ರೆ 10 ಲಕ್ಷ ಚೌಕ ಸೇರಿ `int` ಒಳಗೆ ಹಿಡಿಯಲ್ಲ, `long long` ಹಾಕಿ. ಮತ್ತೆ ಮಧ್ಯದಲ್ಲಿ ಮರ ಕಡಿಯೋದು ನೆಡೋದು ಶುರುವಾದ್ರೆ ಈ ಉಪಾಯ ಕೈಕೊಡತ್ತೆ, ಎಡಗಡೆ ಮೇಲಿನ ಮೂಲೆಯ ಒಂದು ಮರ ಕಡಿದ್ರೆ ಟೇಬಲ್ ನ ಹತ್ತು ಲಕ್ಷ ಚೌಕವೂ ಬದಲಾಗ್ಬೇಕು. ಅದೇ ಸೆಟ್ ನಲ್ಲಿರೋ ಫಾರೆಸ್ಟ್ ಕ್ವೆರೀಸ್ 2 ಇದನ್ನೇ ಕೇಳೋದು, ಅದನ್ನ, ಮಧ್ಯದಲ್ಲಿ ಬದಲಾವಣೆ ಆದ್ರೂ ಬೇಗ ಮೊತ್ತ ಕೊಡೋ 2ಡಿ ಫೆನ್ವಿಕ್ ಟ್ರೀಯಲ್ಲಿ ಮಾಡ್ದೆ. ಅದರಲ್ಲೂ ಆಯತದ ಉತ್ತರ ತೆಗೆಯೋದು ಇದೇ ನಾಲ್ಕು ಪದದಿಂದ, ಆ ಸಾಲನ್ನ ಇಲ್ಲಿಂದ ಹಾಗೇ ಎತ್ತಿ ಹಾಕ್ದೆ, ಆಮೇಲೆ 3 × 3ರ 36 ಆಯತ ಓಡಿಸಿಯೇ ಸಬ್ಮಿಟ್ ಮಾಡಿದ್ದು.