ಒಂದು ಬಿಪಿ ರೀಡಿಂಗ್, ಸಾಲು ಸಾಲು ತಾರೀಖುಗಳು

ಕಮರ್ಷಿಯಲ್ ಪೈಲಟ್ ಲೈಸೆನ್ಸ್ ಅಂದ ತಕ್ಷಣ ಜನ ಕೇಳುವುದು "ಎಷ್ಟು ವರ್ಷಕ್ಕೆ ರಿನ್ಯೂ ಮಾಡಿಸಬೇಕು" ಅಂತ. 2023ರ ಅಕ್ಟೋಬರ್‌ನಲ್ಲಿ ನಿಯಮ ತಿದ್ದಿದ ಮೇಲೆ ನಮ್ಮ ದೇಶದಲ್ಲಿ ಇದು ಐದು ವರ್ಷದಿಂದ ಹತ್ತು ವರ್ಷಕ್ಕೆ ಏರಿದೆ. ಆದರೆ ಹತ್ತು ವರ್ಷ ಅನ್ನುವುದು ಹೆಸರಿಗೆ ಮಾತ್ರ. ನಾಳೆ ಬೆಳಿಗ್ಗೆ ನಾನು ಕಾಕ್‌ಪಿಟ್‌ನಲ್ಲಿ ಕೂರಬಹುದೋ ಇಲ್ಲವೋ ಅನ್ನೋದನ್ನು ನಿರ್ಧರಿಸುವುದು ಬೇರೆ ತಾರೀಖುಗಳು. ವರ್ಷಕ್ಕೊಮ್ಮೆ ಕ್ಲಾಸ್ ಒನ್ ಮೆಡಿಕಲ್. ಆರು ತಿಂಗಳಿಗೊಮ್ಮೆ ಸಿಮ್ಯುಲೇಟರ್‌ನಲ್ಲಿ ಪಿಪಿಸಿ, ಅಂದ್ರೆ ಪೈಲಟ್ ಪ್ರೊಫಿಷಿಯೆನ್ಸಿ ಚೆಕ್. ವರ್ಷಕ್ಕೊಮ್ಮೆ ಇನ್‌ಸ್ಟ್ರುಮೆಂಟ್ ರೇಟಿಂಗ್ ಚೆಕ್, ಅಂದ್ರೆ ಹೊರಗೆ ಕಾಣದಿದ್ದರೂ ಮೀಟರ್ ನೋಡಿಕೊಂಡೇ ಹಾರಿಸುವ ಪರೀಕ್ಷೆ. ಇವುಗಳ ಜತೆಗೆ, ಕಳೆದ 90 ದಿನಗಳಲ್ಲಿ ಮೂರು ಟೇಕಾಫ್ ಮತ್ತು ಮೂರು ಲ್ಯಾಂಡಿಂಗ್ ಆಗಿರಬೇಕು.

ಇವೆಲ್ಲ ಬೇರೆ ಬೇರೆ ವಿಷಯ ಅಂತ ಕಾಣುತ್ತವೆ. ಒಂದು ಮುಗ್ಗರಿಸಿದರೆ ಉಳಿದವೂ ಒಂದರ ಹಿಂದೆ ಒಂದು ಬೀಳುತ್ತವೆ ಅನ್ನೋದು ನನಗೆ ಒಂದು ಮೇ ತಿಂಗಳಲ್ಲಿ ಗೊತ್ತಾಯಿತು.

ಕ್ಲಾಸ್ ಒನ್ ಮೆಡಿಕಲ್ ನನಗೆ ಹೊಸದೇನಲ್ಲ. ಮೊದಲನೆಯದನ್ನು ಬೆಂಗಳೂರಿನ ಹಳೇ ಏರ್‌ಪೋರ್ಟ್ ರಸ್ತೆಯಲ್ಲಿರುವ ವಾಯುಪಡೆಯ ಏರೋಸ್ಪೇಸ್ ಮೆಡಿಸಿನ್ ಸಂಸ್ಥೆಯಲ್ಲಿ ಮಾಡಿಸಿದ್ದೆ. ಆಮೇಲಿನ ರಿನ್ಯೂವಲ್‌ಗಳಿಗೆ, ವಿಮಾನಯಾನ ನಿಯಂತ್ರಿಸುವ ಸರ್ಕಾರಿ ಸಂಸ್ಥೆ ಡಿಜಿಸಿಎ ಮಾನ್ಯ ಮಾಡಿದ ಸಿವಿಲ್ ಡಾಕ್ಟರ್‌ಗಳೂ ಇದ್ದಾರೆ. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಹೋಗಬೇಕು. ರಕ್ತ ಕೊಟ್ಟು, ಇಡ್ಲಿ ತಿಂದು, ಎರಡು ಗಂಟೆ ಬಿಟ್ಟು ಮತ್ತೆ ರಕ್ತ ಕೊಡಬೇಕು. ನಡುವೆ ಇಸಿಜಿ, ಕಣ್ಣು, ಕಿವಿ. ಕಿವಿ ಪರೀಕ್ಷೆಗೆ ಸದ್ದಿಲ್ಲದ ಒಂದು ಪುಟ್ಟ ಕೋಣೆಯಲ್ಲಿ ಹೆಡ್‌ಫೋನ್ ಹಾಕಿ ಕೂರಿಸುತ್ತಾರೆ. ಸಣ್ಣ ಪೀಪ್ ಕೇಳಿಸಿದಾಗಲೆಲ್ಲ ಬಟನ್ ಒತ್ತಬೇಕು. ಇಎನ್‌ಟಿ ಡಾಕ್ಟರ್ ಮೂಗು ಹಿಡಿದು ಊದಲು ಹೇಳಿ, ಕಿವಿಯ ತಮಟೆ ಆಡುತ್ತಾ ಅಂತ ಒಳಗೆ ಬೆಳಕು ಬಿಟ್ಟು ನೋಡುತ್ತಾರೆ. ನೆಗಡಿ ಇದ್ದಾಗ ಅದು ಆಡುವುದಿಲ್ಲ. ಅದಕ್ಕೇ ನೆಗಡಿ ಇಟ್ಟುಕೊಂಡು ಮೆಡಿಕಲ್‌ಗೆ ಹೋಗೋದು ಸುಮ್ನೆ ತೊಂದರೆ ತಂದುಕೊಂಡ ಹಾಗೆ. ಕನ್ನಡಕ ಇರುವವರು ಇನ್ನೊಂದು ವಿಷಯ ತಿಳಿದಿರಬೇಕು. ಹಾರುವಾಗ ಬ್ಯಾಗಿನಲ್ಲಿ ಎರಡನೇ ಜೋಡಿ ಇರಲೇಬೇಕು ಅಂತ ಮೆಡಿಕಲ್‌ನಲ್ಲೇ ಷರತ್ತು ಬರೆಯುತ್ತಾರೆ.

ಆ ಸಲ ಎಲ್ಲ ಸರಿಯಿತ್ತು, ಬಿಪಿ ಬಿಟ್ಟು. ಮೊದಲ ಸಲ 150/96. "ಆತುರದಲ್ಲಿ ಬಂದಿರ್ತೀರಿ ಸರ್, ಹದಿನೈದು ನಿಮಿಷ ಕೂತಿರಿ" ಅಂದರು ಡಾಕ್ಟರ್. ಕೂತೆ. 146/94. ಇನ್ನೊಂದು ಕೈಗೆ ಪಟ್ಟಿ ಕಟ್ಟಿದರು. ಹೆಚ್ಚೂಕಡಿಮೆ ಅಷ್ಟೇ. ಗೆರೆ ಇರುವುದು 140/90ರ ಹತ್ತಿರ. ಅದನ್ನು ದಾಟಿದ ಸಂಖ್ಯೆಯನ್ನು ಅವರು ಬರೆಯದೆ ಬಿಡುವ ಹಾಗಿಲ್ಲ.

ಡಾಕ್ಟರ್ ಕೋಟು ನೋಡಿದರೆ ಬಿಪಿ ಏರುವವರು ಬಹಳ ಜನ ಇದ್ದಾರೆ. ನಮ್ಮಲ್ಲಂತೂ ಜಾಸ್ತಿ, ಯಾಕೆಂದರೆ ಆ ಪಟ್ಟಿಯ ಜತೆ ಸಂಬಳವೂ ಗಂಟುಬಿದ್ದಿದೆ. ಹಾಗಾಗಿ ಒಂದು ದಿನದ ರೀಡಿಂಗ್ ನೋಡಿ ಯಾರೂ ತೀರ್ಮಾನ ಮಾಡುವುದಿಲ್ಲ. 24 ಗಂಟೆ ಬಿಪಿ ಅಳೆಯುವ ಯಂತ್ರ ಕಟ್ಟಿ ಕಳಿಸುತ್ತಾರೆ. ಸೊಂಟಕ್ಕೆ ಒಂದು ಪುಟ್ಟ ಡಬ್ಬಿ, ತೋಳಿಗೆ ಪಟ್ಟಿ. ಹಗಲಲ್ಲಿ ಇಪ್ಪತ್ತು-ಮೂವತ್ತು ನಿಮಿಷಕ್ಕೊಮ್ಮೆ ಅದು ಗುಂಯ್ ಅಂತ ಊದಿಕೊಳ್ಳುತ್ತದೆ, ರಾತ್ರಿ ಸ್ವಲ್ಪ ಅಪರೂಪಕ್ಕೆ. ಊದುವಾಗ ಕೈ ಇಳಿಬಿಟ್ಟು ಅಲುಗಾಡದೆ ಇರಬೇಕು, ಇಲ್ಲದಿದ್ದರೆ ಆ ರೀಡಿಂಗ್ ಕೆಟ್ಟುಹೋಗುತ್ತದೆ. ಜಾಸ್ತಿ ರೀಡಿಂಗ್ ಕೆಟ್ಟರೆ ಇನ್ನೊಂದು ದಿನ ಕಟ್ಟಿಕೊಳ್ಳಬೇಕು.

ಈ ವರದಿಯಲ್ಲಿ ನೋಡಬೇಕಾದದ್ದು ಎರಡು. ಒಂದು, ಇಡೀ ದಿನದ ಸರಾಸರಿ. ಅದು 130/80ರ ಒಳಗಿದ್ದರೆ ಕ್ಲಿನಿಕ್‌ನಲ್ಲಿ ಏರಿದ್ದು ಭಯದ ಬಿಪಿ ಅಂತ ಹೇಳಬಹುದು. ಎರಡು, ರಾತ್ರಿಯ ಇಳಿತ. ನಿದ್ದೆಯಲ್ಲಿ ಬಿಪಿ ಹಗಲಿಗಿಂತ ಶೇಕಡಾ ಹತ್ತಕ್ಕಾದರೂ ಇಳಿಯಬೇಕು. ನನ್ನದರಲ್ಲಿ ಸರಾಸರಿಯೂ ಮೇಲಿತ್ತು, ರಾತ್ರಿ ಇಳಿದದ್ದೂ ಕಮ್ಮಿ. ನಿದ್ದೆಯಲ್ಲಿ ಯಾವ ಡಾಕ್ಟರಿಗೂ ಹೆದರಲು ಸಾಧ್ಯವಿಲ್ಲ ಅಲ್ವಾ? ಇದು ನಿಜವಾದ ಬಿಪಿ.

ಟೆಂಪರರಿ ಅನ್‌ಫಿಟ್ ಅಂತ ಬರೆದರು. ಕೆಲಸ ಹೋಗುವುದಿಲ್ಲ, ಲೈಸೆನ್ಸೂ ಹೋಗುವುದಿಲ್ಲ, ಆದರೆ ಹಾರುವ ಹಾಗಿಲ್ಲ. ಹಾರಿದ ಗಂಟೆಗಳ ಮೇಲೆ ಬರುವ ಭತ್ಯೆ ನಿಲ್ಲುತ್ತದೆ.

ಇಲ್ಲಿಂದ ಮುಂದೆ ಜನ ಎಡವುವ ಜಾಗ ಒಂದಿದೆ. ಮನೆ ಹತ್ತಿರದ ಡಾಕ್ಟರ್ ಹತ್ತಿರ ಹೋಗಿ, ಅವರು ಬರೆದ ಮಾತ್ರೆ ನುಂಗಿ, ಬಿಪಿ ಇಳಿಸಿಕೊಂಡು ವಾಪಸ್ ಬರೋದು. ಬಿಪಿ ಇಳಿದರೆ ಸಾಲದು, ಯಾವ ಮಾತ್ರೆಯಿಂದ ಇಳಿಯಿತು ಅನ್ನೋದೂ ಮುಖ್ಯ. ಮಿದುಳಿನ ಮೇಲೆ ಕೆಲಸ ಮಾಡಿ ಬಿಪಿ ಇಳಿಸುವ ಔಷಧಿಗಳು ಮಂಪರು ತರುತ್ತವೆ. ಇನ್ನು ಕೆಲವು, ಎದ್ದು ನಿಂತಾಗ ತಲೆ ಸುತ್ತಿಸುತ್ತವೆ. ಇವು ಪೈಲಟ್‌ಗಳಿಗೆ ಆಗಿಬರುವುದಿಲ್ಲ. ನಾನು ಏವಿಯೇಷನ್ ಮೆಡಿಸಿನ್ ಗೊತ್ತಿರುವ ಡಾಕ್ಟರನ್ನೇ ಹುಡುಕಿಕೊಂಡು ಹೋದೆ. ಅವರು ಸಾರ್ಟಾನ್ ಗುಂಪಿನ ಮಾತ್ರೆ ಕೊಟ್ಟರು. ಜತೆಗೆ ಎಕೋ, ಟ್ರೆಡ್‌ಮಿಲ್, ಕಣ್ಣಿನ ಹಿಂಪರದೆ, ಮೂತ್ರದಲ್ಲಿ ಪ್ರೋಟೀನ್, ಕ್ರಿಯಾಟಿನಿನ್ ಎಲ್ಲ ಮಾಡಿಸಿದರು. ಡಿಜಿಸಿಎಗೆ ಬೇಕಾದ ಉತ್ತರ ಇವುಗಳಲ್ಲೇ ಇರುತ್ತದೆ. ಬಿಪಿ ಇದೆ, ಸರಿ. ಅದು ಹೃದಯ, ಕಿಡ್ನಿ, ಕಣ್ಣು ಯಾವುದನ್ನಾದರೂ ಆಗಲೇ ಮುಟ್ಟಿದೆಯಾ?

ಮುಟ್ಟಿರಲಿಲ್ಲ. ಮಾತ್ರೆ ಶುರುಮಾಡಿದ ಮೇಲೆ ಮನೆಯಲ್ಲೂ ದಿನಾ ಬೆಳಿಗ್ಗೆ, ಸಂಜೆ ಅಳೆದು ಬರೆದಿಟ್ಟೆ. ಯಂತ್ರವನ್ನು ಕ್ಲಿನಿಕ್‌ಗೆ ಒಯ್ದು ಡಾಕ್ಟರ ಯಂತ್ರದ ಪಕ್ಕ ಇಟ್ಟು ಹೋಲಿಸಿದ್ದೆ. ಹಾಗೆ ಹೋಲಿಸದ ಪಟ್ಟಿಯನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಮತ್ತೆ 24 ಗಂಟೆಯ ಯಂತ್ರ, ಮತ್ತೆ ಪೂರ್ತಿ ಪರೀಕ್ಷೆ. ಸೆಪ್ಟೆಂಬರ್‌ನಲ್ಲಿ ಡಿಜಿಸಿಎಯ eGCA ಪೋರ್ಟಲ್‌ನಲ್ಲಿ ಫಿಟ್ ಅಂತ ಬಂತು.

ಅಷ್ಟೊತ್ತಿಗೆ ಉಳಿದದ್ದೆಲ್ಲ ಮುಗಿದುಹೋಗಿತ್ತು. ಪಿಪಿಸಿ ಇದ್ದದ್ದು ಜುಲೈ ಕೊನೆಯವರೆಗೆ. ಕೊನೆಯ ಲ್ಯಾಂಡಿಂಗ್ ಮೇ ತಿಂಗಳಲ್ಲಿ ಆದ ಕಾರಣ ಆಗಸ್ಟ್‌ನಲ್ಲಿ 90 ದಿನ ದಾಟಿತ್ತು. ವರ್ಷಕ್ಕೊಮ್ಮೆ ಮಾಡುವ ತುರ್ತು ಬಾಗಿಲು, ಬೆಂಕಿ, ಲೈಫ್ ಜಾಕೆಟ್ ತರಬೇತಿಯೂ ನಡುವೆ ಮುಗಿದಿತ್ತು. ಫಿಟ್ ಆದ ಮರುದಿನವೇ ವಿಮಾನ ಹತ್ತಬಹುದು ಅಂದುಕೊಳ್ಳುವವರು ಈ ಭಾಗ ನೋಡಬೇಕು. ಮೊದಲು ಕ್ಲಾಸ್‌ರೂಮ್, ಆಮೇಲೆ ಸಿಮ್ಯುಲೇಟರ್‌ನಲ್ಲಿ ರಿಫ್ರೆಶರ್, ಆಮೇಲೆ ಪಿಪಿಸಿ, ಆಮೇಲೆ ಟ್ರೇನರ್ ಪಕ್ಕದಲ್ಲಿ ಕೂತು ನಿಜವಾದ ವಿಮಾನ. ಪ್ರತಿಯೊಂದಕ್ಕೂ ಸ್ಲಾಟ್ ಬೇಕು. ಸಿಮ್ ಸ್ಲಾಟ್ ಸಿಗುವುದೇ ದೊಡ್ಡ ಕೆಲಸ.

ನಾನು ಹಾರಿಸುವುದು ಏರ್‌ಬಸ್ ಎ320. ಪಿಪಿಸಿಯಲ್ಲಿ ಎಷ್ಟೋ ಐಟಂ ಇದ್ದರೂ ಎಲ್ಲರ ಮನಸ್ಸಿನಲ್ಲಿರುವುದು ಒಂದೇ: ವಿ-ಒನ್ ದಾಟಿದ ಕೂಡಲೇ ಎಂಜಿನ್ ಹೋಗುವುದು. ವಿ-ಒನ್ ಅಂದರೆ ಅಲ್ಲಿಂದ ಮುಂದೆ ನಿಲ್ಲಿಸುವ ಹಾಗಿಲ್ಲ, ಏಳಲೇಬೇಕು ಅನ್ನುವ ವೇಗ.

ಎಕ್ಸಾಮಿನರ್ ಬೆಂಗಳೂರು ರನ್‌ವೇ ಹಾಕಿದ್ದರು. "ವಿ-ಒನ್" ಅಂತ ಕೂಗು ಬಂದ ಕ್ಷಣಕ್ಕೆ ಮೂತಿ ಎಡಕ್ಕೆ ಎಳೆಯಿತು. ಎಡಗಡೆ ಎಂಜಿನ್ ಹೋಯಿತು, ಬಲಗಾಲು ಒತ್ತಬೇಕು. ಎಷ್ಟು ಅಂತ ಎಣಿಸಲು ಆಗುವುದಿಲ್ಲ. ನೆಲದ ಮೇಲಿರುವಾಗ ರನ್‌ವೇ ನಡುಗೆರೆ ನೋಡಿಕೊಂಡು, ಎದ್ದ ಮೇಲೆ ಸ್ಕ್ರೀನ್ ಮೇಲಿನ ನೀಲಿ ಗುರುತು ಮಧ್ಯಕ್ಕೆ ಬರುವಷ್ಟು. ಮೂತಿಯನ್ನು ಹನ್ನೆರಡೂವರೆ ಡಿಗ್ರಿಗೆ ಎತ್ತಿ ಹಿಡಿಯಬೇಕು. ಎರಡೂ ಎಂಜಿನ್ ಇದ್ದಾಗಿನ ಅಭ್ಯಾಸದಲ್ಲಿ ಇನ್ನೂ ಮೇಲೆ ಎತ್ತಿದರೆ ವೇಗ ಸೋರಿಹೋಗುತ್ತದೆ. ಏರುತ್ತಿದೆ ಅಂತ ಖಾತ್ರಿಯಾದ ಮೇಲೆ ಚಕ್ರ ಒಳಗೆ.

ಆಮೇಲೆ ಏನೂ ಮಾಡಬಾರದು. ಕಷ್ಟ ಇರುವುದೇ ಇಲ್ಲಿ. ಸ್ಕ್ರೀನ್ ಮೇಲೆ ENG 1 FAIL ಅಂತ ಹಳದಿ ಗದ್ದಲ, ಗಂಟೆ ಬಾರಿಸಿದೆ, ಕೈ ತಾನಾಗಿ ಸ್ವಿಚ್ ಕಡೆ ಹೋಗುತ್ತದೆ. ನೆಲದಿಂದ 400 ಅಡಿ ಆಗುವವರೆಗೆ ಸದ್ದು ನಿಲ್ಲಿಸುವುದು ಬಿಟ್ಟರೆ ಬೇರೆ ಯಾವುದನ್ನೂ ಮುಟ್ಟುವ ಹಾಗಿಲ್ಲ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 3,000 ಅಡಿ ಎತ್ತರದಲ್ಲಿರುವ ಕಾರಣ ಆ 400 ಅಡಿ, ಎತ್ತರ ತೋರಿಸುವ ಮೀಟರ್‌ನಲ್ಲಿ 3,400 ಅಡಿ ಅಂತ ಕಾಣುತ್ತದೆ. ಅಲ್ಲಿಗೆ ಮುಟ್ಟಿದ ಮೇಲೆ, ಹೋದ ಎಂಜಿನ್ ಯಾವುದು ಅಂತ ಇಬ್ಬರೂ ಬಾಯಿಬಿಟ್ಟು ಹೇಳಿ ಒಪ್ಪಿಕೊಂಡೇ ಲಿವರ್ ಹಿಂದಕ್ಕೆ, ಆಮೇಲೆ ಮಾಸ್ಟರ್ ಸ್ವಿಚ್ ಆಫ್. ಅವಸರದಲ್ಲಿ ಒಳ್ಳೆಯ ಎಂಜಿನ್ನನ್ನೇ ಆರಿಸುವುದನ್ನು ತಪ್ಪಿಸುವುದಕ್ಕೇ ಈ ಒಪ್ಪಿಗೆ.

ತಿಂಗಳುಗಟ್ಟಲೆ ಹಾರದೆ ಇದ್ದರೆ ಕೈಕಾಲು ಮರೆಯುತ್ತದೆ ಅಂತ ಹೆದರಿಸಿದ್ದರು. ಕಾಲು ಮರೆತಿರಲಿಲ್ಲ. ನಿಧಾನವಾಗಿದ್ದು ಬಾಯಿ. ಹೇಳಬೇಕಾದ ಕಾಲ್‌ಔಟ್ ಅರ್ಧ ಸೆಕೆಂಡ್ ತಡವಾಗಿ ಬರುತ್ತಿತ್ತು. ಕಣ್ಣು ಒಂದೇ ಮೀಟರ್ ಮೇಲೆ ಜಾಸ್ತಿ ಹೊತ್ತು ನಿಲ್ಲುತ್ತಿತ್ತು. ಇದು ರಿಫ್ರೆಶರ್‌ನಲ್ಲೇ ಕಂಡಿತು. ಹಾಗಾಗಿ ಪಿಪಿಸಿಗೆ ಮುಂಚೆ ಮನೆಯಲ್ಲಿ ಕುರ್ಚಿ ಮೇಲೆ ಕೂತು, ಗೋಡೆಗೆ ಕಾಕ್‌ಪಿಟ್ ಪೋಸ್ಟರ್ ಅಂಟಿಸಿ, ಎಲ್ಲ ಮಾತುಗಳನ್ನೂ ಜೋರಾಗಿ ಹೇಳಿ ಅಭ್ಯಾಸ ಮಾಡಿದೆ. ಮನೆಯವರಿಗೆ ರೇಜಿಗೆ ಆಯಿತು, ಆದರೆ ಕೆಲಸಕ್ಕೆ ಬಂತು. ಒಂದೇ ಎಂಜಿನ್‌ನಲ್ಲಿ ಅಪ್ರೋಚ್, ಅಲ್ಲಿಂದ ಇಳಿಯದೆ ಮತ್ತೆ ಮೇಲೇರುವ ಗೋ-ಅರೌಂಡ್, ಮತ್ತೆ ಬಂದು ಇಳಿಯುವುದು, ಎಲ್ಲ ಆಯಿತು. ಅದೇ ಸೆಷನ್‌ನಲ್ಲಿ ಇನ್‌ಸ್ಟ್ರುಮೆಂಟ್ ರೇಟಿಂಗನ್ನೂ ಮುಗಿಸಿದರು.

ಈಗ ನನ್ನ ಮೆಡಿಕಲ್ ಮತ್ತು ಪಿಪಿಸಿಯ ಕೊನೇ ತಾರೀಖು ಒಂದೇ ತಿಂಗಳಿಗೆ ಬೀಳದ ಹಾಗೆ ನೋಡಿಕೊಳ್ಳುತ್ತೇನೆ. ಪಿಪಿಸಿಯನ್ನು ಮೊದಲೇ ಮಾಡಿ ಮುಗಿಸಿಬಿಡೋಣ ಅಂದರೆ ಅದಕ್ಕೂ ಮಿತಿ ಇದೆ. ನಾಲ್ಕು ತಿಂಗಳ ಒಳಗೆ ಒಂದೇ ಥರದ ಎರಡು ಚೆಕ್ ಮಾಡಿಕೊಂಡು ವರ್ಷದ ಎರಡೂ ಆಯಿತು ಅಂತ ತೋರಿಸಲು ಬರುವುದಿಲ್ಲ. ಮೆಡಿಕಲ್‌ಗೆ ಮಾತ್ರ ಕೊನೆಯ ದಿನದವರೆಗೆ ಕಾಯುವುದಿಲ್ಲ. ಡಾಕ್ಟರ್ ಪರೀಕ್ಷೆ ಮಾಡಿ ಅಪ್‌ಲೋಡ್ ಮಾಡಿದ ಮೇಲೆ ಡಿಜಿಸಿಎ ನೋಡಿ ಒಪ್ಪಬೇಕು. ಯಾವುದಾದರೂ ರಿಪೋರ್ಟ್ ಇನ್ನೊಮ್ಮೆ ಕೇಳಿದರೆ ಮತ್ತೆ ಸಮಯ ಬೇಕು. ಅರವತ್ತು ದಾಟಿದವರಿಗೆ ಈ ಮೆಡಿಕಲ್ ಆರು ತಿಂಗಳಿಗೊಮ್ಮೆ. ಪ್ರಯಾಣಿಕರನ್ನು ಕೂರಿಸಿಕೊಂಡು ಒಬ್ಬರೇ ಹಾರಿಸುವ ಪೈಲಟ್‌ಗಳಿಗಂತೂ ನಲವತ್ತು ದಾಟಿದಾಗಿನಿಂದಲೇ ಆರು ತಿಂಗಳು. ಅವರ ಕ್ಯಾಲೆಂಡರ್ ನನ್ನದಕ್ಕಿಂತ ಇಕ್ಕಟ್ಟು.

ಮಾತ್ರೆ ಮುಂದುವರಿದಿದೆ. ಪ್ರತಿ ಮೆಡಿಕಲ್‌ಗೂ ಹೋಗುವಾಗ ಹಳೇ 24 ಗಂಟೆಯ ವರದಿ, ಎಕೋ ರಿಪೋರ್ಟ್, ಮನೆಯ ಬಿಪಿ ಪುಸ್ತಕ ಒಂದು ಫೈಲಿನಲ್ಲಿ ಹಾಕಿಕೊಂಡು ಹೋಗುತ್ತೇನೆ. ಡಾಕ್ಟರ್ ಕೇಳುವ ಮುಂಚೆ ಮೇಜಿನ ಮೇಲೆ ಇಡುತ್ತೇನೆ. ಹೋದ ಸಲ ಕ್ಲಿನಿಕ್‌ನಲ್ಲಿ ಮೊದಲ ರೀಡಿಂಗ್ 138/88 ಬಂತು. ಡಾಕ್ಟರ್ ಪುಸ್ತಕ ತಿರುವಿ, ಮನೆಯ ಅಂಕಿಗಳನ್ನು ನೋಡಿ, ಎರಡನೇ ಸಲ ಪಟ್ಟಿ ಕಟ್ಟಿ, 130/82 ಅಂತ ಬರೆದುಕೊಂಡು ಇಸಿಜಿ ಕೋಣೆಗೆ ಕಳಿಸಿದರು.